ಎರಡು ಸರ್ಟಿಫಿಕೇಟು, ಒಂದು ತೆರೆಯದ ಲಿಂಕು

2021ರಲ್ಲಿ ಇಂಜಿನಿಯರಿಂಗ್ ಓದುವಾಗ ಮನೆಯಲ್ಲೇ ಕೂತು ಎರಡು ವರ್ಚುವಲ್ ಇಂಟರ್ನ್‌ಶಿಪ್ ಮಾಡಿದ್ದೆ. ಒಂದು ಫೋರೇಜ್ ತಾಣದಲ್ಲಿದ್ದ ಜೆಪಿ ಮಾರ್ಗನ್‌ನ ಸಾಫ್ಟ್‌ವೇರ್ ಕಾರ್ಯಕ್ರಮ, ಪುಕ್ಕಟೆ. ಇನ್ನೊಂದು ಲಿಂಕ್ಡ್‌ಇನ್‌ನಲ್ಲಿ ಕಣ್ಣಿಗೆ ಬಿದ್ದ ಕಂಪನಿಯದು. ಅದರ ಹೆಸರು ಬೇಡ ಬಿಡಿ.

ಆ ಕಂಪನಿಯ ಗೂಗಲ್ ಫಾರ್ಮ್ ತುಂಬಿ ಟೀ ಕುಡಿದು ಬರುವಷ್ಟರಲ್ಲಿ ಆಫರ್ ಲೆಟರ್ ಬಂದಿತ್ತು. ಇಂಟರ್‌ವ್ಯೂ ಇಲ್ಲ, ಫೋನೂ ಇಲ್ಲ. ಆಗಲೇ ಅನುಮಾನ ಬರಬೇಕಿತ್ತು, ಖುಷಿಯಾಯಿತು! ಒಂದು ತಿಂಗಳಿಗೆ ಮೂರು ಕೆಲಸ: ಕ್ಯಾಲ್ಕುಲೇಟರ್, ಲಾಗಿನ್ ಪುಟ, ಟು-ಡು ಲಿಸ್ಟ್. ಪ್ರತಿಯೊಂದಕ್ಕೂ ವಿಡಿಯೋ ಮಾಡಿ, ಕಂಪನಿಯನ್ನು ಟ್ಯಾಗ್ ಮಾಡಿ ಲಿಂಕ್ಡ್‌ಇನ್‌ಗೆ ಹಾಕಬೇಕು. ಅಂದರೆ ಅವರ ಜಾಹೀರಾತನ್ನು ನಾವೇ ಮಾಡಿಕೊಡಬೇಕು, ಅಲ್ವಾ? ಕೊನೆಗೆ ಸರ್ಟಿಫಿಕೇಟಿಗೆ 249 ರೂಪಾಯಿ ಕೇಳಿದರು, ಕೊಟ್ಟೆ. "ಔಟ್‌ಸ್ಟ್ಯಾಂಡಿಂಗ್" ಅಂತ ಬರೆದು ಕಳಿಸಿದರು. ಆಮೇಲೆ ನೋಡಿದರೆ ನಾನು ಕೊಟ್ಟಿದ್ದ ಗಿಟ್‌ಹಬ್ ರೆಪೊಸಿಟರಿ ಪ್ರೈವೇಟ್ ಆಗಿಯೇ ಇತ್ತು. ಬೇರೆಯವರು ಲಿಂಕ್ ಒತ್ತಿದರೆ ಬರುವುದು 404. ನನ್ನ ಕೋಡನ್ನು ಯಾರೂ ತೆರೆದೇ ಇರಲಿಲ್ಲ.

ಫೋರೇಜ್‌ನಲ್ಲೂ ಮೇಲೆ ನಿಂತು ನೋಡುವವರು ಯಾರೂ ಇಲ್ಲ. ಫೈಲ್ ಹಾಕಿದರೆ ಮಾದರಿ ಉತ್ತರ ತೋರಿಸುತ್ತದೆ, ಹೋಲಿಸಿಕೊಳ್ಳುವುದು ನಮಗೇ ಬಿಟ್ಟಿದ್ದು. ಆದರೆ ಕೆಲಸ ಸ್ವಲ್ಪ ನಿಜವಾದದ್ದು. ಬೇರೆಯವರು ಬರೆದ ಪೈಥಾನ್ ಕೋಡ್ ಕೊಟ್ಟಿದ್ದರು. ಅದರಲ್ಲಿ ಷೇರಿನ ಬೆಲೆ ಅಂದರೆ ಬರೀ ಕೊಳ್ಳುವವರು ಹೇಳಿದ ದರ. ಅದನ್ನು ಕೊಳ್ಳುವ, ಮಾರುವ ದರಗಳ ಸರಾಸರಿಗೆ ತಿದ್ದಬೇಕು. ಆಮೇಲೆ ಎರಡು ಷೇರುಗಳ ಅನುಪಾತ:

```python
def getRatio(price_a, price_b):
    if price_b == 0:
        return
    return price_a / price_b
```

ಆ ಸೊನ್ನೆಯ ಸಾಲನ್ನು ನಾನು ಮೊದಲು ಮರೆತಿದ್ದೆ. ಮುಂದೆ ಇಂಟರ್‌ವ್ಯೂನಲ್ಲಿ ಹತ್ತು ನಿಮಿಷ ಮಾತಾಡಿದ್ದು ಇದರ ಬಗ್ಗೆಯೇ. 249 ರೂಪಾಯಿಯ ಸರ್ಟಿಫಿಕೇಟ್ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮ ಮೆಂಟರ್ ಯಾರು?" ನಾನು ತಡವರಿಸಿದೆ.

ಹಾಗಂತ ಫೋರೇಜ್‌ನದು ಇಂಟರ್ನ್‌ಶಿಪ್ ಅಲ್ಲ, ಕೆಲಸದ ಅಣಕು ಅಷ್ಟೇ. ರೆಸ್ಯೂಮೆಯಲ್ಲಿ "ಅನುಭವ" ಅನ್ನುವ ಕಡೆ ಬರೆದರೆ ಸುಳ್ಳಾಗುತ್ತದೆ, ಸರ್ಟಿಫಿಕೇಟುಗಳ ಸಾಲಿನಲ್ಲಿ ಹಾಕಿ. ಕ್ರೆಡಿಟ್‌ಗೂ ನಮ್ಮ ಕಾಲೇಜು ಒಪ್ಪಲಿಲ್ಲ. ಇಂಟರ್ನ್‌ಶಿಪ್ ಡೈರಿಗೆ ಸಹಿ ಹಾಕುವ ಮೇಲಧಿಕಾರಿ ಇಲ್ಲವಲ್ಲ! ಕ್ರೆಡಿಟ್ ಬೇಕಿದ್ದರೆ ಸೇರುವ ಮೊದಲೇ ಗೈಡ್ ಹತ್ತಿರ ಮೇಲ್‌ನಲ್ಲಿ ಒಪ್ಪಿಗೆ ತಗೊಳ್ಳಿ.

ನಾನು ಮೋಸ ಹೋದದ್ದು 249 ರೂಪಾಯಿಯ ಸರ್ಟಿಫಿಕೇಟಿನ ಕೆಳಗಿದ್ದ ಲೋಗೋಗಳಿಗೆ. ಸಣ್ಣ ಉದ್ಯಮಗಳ ಎಂಎಸ್‌ಎಂಇ ಸಚಿವಾಲಯದ ಉದ್ಯಮ್ ನೋಂದಣಿ ಪುಕ್ಕಟೆ, ಮಾಲೀಕ ತಾನೇ ವಿವರ ತುಂಬಿ ಪಡೆಯುವಂಥದ್ದು. ಐಎಸ್‌ಒ 9001 ಹೇಳುವುದು ಸಂಸ್ಥೆ ಕೆಲಸ ನಡೆಸುವ ಕ್ರಮದ ಬಗ್ಗೆ, ನಿಮ್ಮ ಕಲಿಕೆಯ ಬಗ್ಗೆ ಅಲ್ಲ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅವರದೇ ವೆಬ್‌ಸೈಟ್. "ಎಐಸಿಟಿಇ" ಅಂತ ಬರೆದಿದ್ದರೆ internship.aicte-india.org ನಲ್ಲಿ ಆ ಇಂಟರ್ನ್‌ಶಿಪ್ ಇದೆಯಾ ಅಂತ ಹುಡುಕಿ. "ಪ್ರೈವೇಟ್ ಲಿಮಿಟೆಡ್" ಅಂದರೆ ಕಂಪನಿಗಳನ್ನು ನೋಂದಾಯಿಸುವ ಸಚಿವಾಲಯದ mca.gov.in ನಲ್ಲಿ ಹೆಸರು ಹಾಕಿ, ಕಂಪನಿ ಶುರುವಾದ ದಿನ ನೋಡಿ.

ಇಷ್ಟಾದ ಮೇಲೂ ಮನಸ್ಸು ಎಳೆದರೆ ದುಡ್ಡು ಕೊಡುವ ಮೊದಲು ನನ್ನಂತೆ ಒಂದು ತೆರೆಯದ ಲಿಂಕ್ ಕಳಿಸಿ. "ಓಪನ್ ಆಗ್ತಿಲ್ಲ" ಅಂತ ಯಾರಾದರೂ ಉತ್ತರ ಬರೆದರೆ ಅಲ್ಲಿ ಒಬ್ಬ ಮನುಷ್ಯ ಇದ್ದಾನೆ.