ಲ್ಯಾಂಬ್ಡಾನಾ, ಸರ್ವರ್ರಾ? 78 ಲಕ್ಷ ರಿಕ್ವೆಸ್ಟ್‌ವರೆಗಿನ ಲೆಕ್ಕ

ಬ್ಯಾಡ್ಮಿಂಟನ್ ಕೋರ್ಟ್ ಬುಕ್ ಮಾಡುವ ಒಂದು ಚಿಕ್ಕ ಆ್ಯಪ್‌ನ ಹಿಂದಿನ ಕೋಡ್ ನನ್ನ ಕೈಯಲ್ಲಿದೆ. ಅದರಲ್ಲಿ ಇರುವುದು ಎರಡೇ ಮುಖ್ಯ ಕೆಲಸ. ಒಂದು, ಯಾವ ಸ್ಲಾಟ್ ಖಾಲಿ ಇದೆ ಎಂದು ತೋರಿಸುವುದು. ಇನ್ನೊಂದು, ಹಣ ಕಟ್ಟಿಸಿಕೊಂಡು ಸ್ಲಾಟ್ ಹಿಡಿದಿಡುವುದು. ಇದೇ ನೋಡ್ ಕೋಡ್ ಅನ್ನು ರಿಕ್ವೆಸ್ಟ್ ಬಂದಾಗ ಮಾತ್ರ ಕೋಡ್ ಓಡಿಸುವ ಎಡಬ್ಲ್ಯೂಎಸ್ ಲ್ಯಾಂಬ್ಡಾದಲ್ಲೂ ಓಡಿಸಿದೆ, ಇಪ್ಪತ್ನಾಲ್ಕು ಗಂಟೆ ಆನ್ ಇರುವ ಒಂದು `t3.small` ಸರ್ವರ್‌ನಲ್ಲೂ ಓಡಿಸಿದೆ. ಯಾವುದು ಅಗ್ಗ ಎಂಬ ಪ್ರಶ್ನೆಗೆ 'ಟ್ರಾಫಿಕ್ ಮೇಲೆ ಹೋಗುತ್ತೆ' ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಟ್ರಾಫಿಕ್ ಅಂತ ಕೇಳಿದರೆ ಸುಮ್ಮನಾಗುತ್ತಾರೆ. ಲೆಕ್ಕ ಹಾಕಿದರೆ ಅರ್ಧ ಪುಟಕ್ಕಿಂತ ಜಾಸ್ತಿ ಆಗುವುದಿಲ್ಲ.

ಇಲ್ಲಿನ ದರಗಳೆಲ್ಲ ವರ್ಜೀನಿಯಾ ರೀಜನ್‌ನ ಪಟ್ಟಿಯವು, ಡಾಲರ್‌ನಲ್ಲಿ. ಮುಂಬೈಗೆ ಹಾಕುವಾಗ ಅಲ್ಲಿನ ದರ ತುಂಬಿಕೊಳ್ಳಿ, ಲೆಕ್ಕದ ದಾರಿ ಅದೇ.

ಮೊದಲು ಸರ್ವರ್, ಏಕೆಂದರೆ ಅದು ಸುಲಭ. `t3.small` ಗಂಟೆಗೆ 0.0208 ಡಾಲರ್. ತಿಂಗಳಿಗೆ 730 ಗಂಟೆ ಹಿಡಿದರೆ 15.18. ಪಬ್ಲಿಕ್ ಐಪಿವಿ4 ವಿಳಾಸಕ್ಕೆ 2024ರ ಫೆಬ್ರವರಿಯಿಂದ ಗಂಟೆಗೆ 0.005 ಬೀಳುತ್ತದೆ, ಅಂದರೆ ತಿಂಗಳಿಗೆ 3.65. 20 ಜಿಬಿ ಡಿಸ್ಕ್‌ಗೆ 1.60. ಒಟ್ಟು 20.43 ಡಾಲರ್. ಯಾರೂ ಕೋರ್ಟ್ ಬುಕ್ ಮಾಡದಿದ್ದರೂ 20.43, ಊರೆಲ್ಲ ಬುಕ್ ಮಾಡಿದರೂ 20.43.

ಲ್ಯಾಂಬ್ಡಾದಲ್ಲಿ ಬಿಲ್ ಎರಡು ಭಾಗ. ಹತ್ತು ಲಕ್ಷ ರಿಕ್ವೆಸ್ಟ್‌ಗೆ 0.20 ಡಾಲರ್ ಒಂದು. ಕೋಡ್ ಓಡಿದ ಸಮಯಕ್ಕೆ ಇನ್ನೊಂದು: ಒಂದು ಜಿಬಿ ಮೆಮೊರಿಯನ್ನು ಒಂದು ಸೆಕೆಂಡ್ ಹಿಡಿದುಕೊಂಡರೆ 0.0000166667 ಡಾಲರ್. ಇಷ್ಟು ಸೊನ್ನೆ ನೋಡಿದರೆ ಬಿಟ್ಟಿ ಅನ್ನಿಸುತ್ತೆ, ಅಲ್ವಾ? ಹತ್ತು ಲಕ್ಷದಿಂದ ಗುಣಿಸಿಕೊಳ್ಳಿ, 16.67 ಡಾಲರ್ ಆಗುತ್ತದೆ. ಇದರ ಮುಂದೆ, ಹೊರಗಿನ ರಿಕ್ವೆಸ್ಟನ್ನು ಲ್ಯಾಂಬ್ಡಾಗೆ ತಲುಪಿಸುವ ಎಪಿಐ ಗೇಟ್‌ವೇ ಇಟ್ಟರೆ (ಅಗ್ಗದ ಎಚ್‌ಟಿಟಿಪಿ ಮಾದರಿ) ಹತ್ತು ಲಕ್ಷಕ್ಕೆ ಇನ್ನೊಂದು ಡಾಲರ್. ಹಳೆಯ ರೆಸ್ಟ್ ಮಾದರಿ ಆದರೆ 3.50. ಎಷ್ಟೋ ಜನ ಲ್ಯಾಂಬ್ಡಾ ದುಬಾರಿ ಅಂತ ಬೈಯುವಾಗ ನಿಜವಾಗಿ ಬೈಯಬೇಕಾದ್ದು ಈ 3.50ಕ್ಕೆ.

ಇನ್ನು ಬೇಕಾಗಿರುವುದು ಕೋಡ್ ಎಷ್ಟು ಹೊತ್ತು ಓಡುತ್ತದೆ ಎಂಬುದು. ಅದನ್ನು ಊಹಿಸಬೇಕಿಲ್ಲ. ಪ್ರತಿ ಸಲ ಓಡಿದಾಗಲೂ ಲಾಗ್‌ನಲ್ಲಿ ಇಂಥ ಸಾಲು ಬೀಳುತ್ತದೆ:

```
REPORT Duration: 99.41 ms  Billed Duration: 100 ms  Memory Size: 512 MB  Max Memory Used: 118 MB
```

ನೋಡಬೇಕಾದ್ದು `Billed Duration` ಮತ್ತು `Memory Size`. ದುಡ್ಡು ಕೊಡುವುದು ಬಳಸಿದ 118 ಎಂಬಿಗಲ್ಲ, ಕೇಳಿಟ್ಟ 512ಕ್ಕೆ. ಹಾಗಾದರೆ 128ಕ್ಕೆ ಇಳಿಸಿಬಿಡೋಣ ಅಂದರೆ ಅಲ್ಲೊಂದು ತೊಡಕಿದೆ. ಲ್ಯಾಂಬ್ಡಾ ಸಿಪಿಯು ಕೊಡುವುದು ಮೆಮೊರಿಯ ಅಳತೆಯಲ್ಲೇ. 1,769 ಎಂಬಿ ಕೇಳಿದರೆ ಪೂರ್ತಿ ಒಂದು ವಿಸಿಪಿಯು. ಮೆಮೊರಿ ಕಾಲು ಭಾಗ ಮಾಡಿದರೆ ಸಿಪಿಯು ಕೂಡ ಕಾಲು ಭಾಗ. ಸಿಪಿಯು ತಿನ್ನುವ ಕೆಲಸ ಆದರೆ ಸಮಯ ನಾಲ್ಕು ಪಟ್ಟು ಆಗಿ ಬಿಲ್ ಇದ್ದಲ್ಲೇ ನಿಲ್ಲುತ್ತದೆ, ಬಳಸುವವರಿಗೆ ಮಾತ್ರ ನಿಧಾನ.

ಸ್ಲಾಟ್ ತೋರಿಸುವ ಕೆಲಸ 512 ಎಂಬಿಯಲ್ಲಿ ಸುಮಾರು 100 ಮಿಲಿಸೆಕೆಂಡ್ ತೆಗೆದುಕೊಂಡಿತು. ಅರ್ಧ ಜಿಬಿ, ಸೆಕೆಂಡಿನ ಹತ್ತನೇ ಒಂದು ಭಾಗ, ಗುಣಿಸು 16.67. ಹತ್ತು ಲಕ್ಷಕ್ಕೆ 0.83. ರಿಕ್ವೆಸ್ಟ್‌ನ 0.20, ಗೇಟ್‌ವೇಯ 1.00 ಸೇರಿ 2.03 ಡಾಲರ್. ಸರ್ವರ್‌ನ 20.43 ಅನ್ನು ಇದರಿಂದ ಭಾಗಿಸಿದರೆ ಹತ್ತಿರ ಹತ್ತಿರ ತಿಂಗಳಿಗೆ ಒಂದು ಕೋಟಿ ರಿಕ್ವೆಸ್ಟ್. ಕೇಳಲು ದೊಡ್ಡ ಸಂಖ್ಯೆ. ಸೆಕೆಂಡಿಗೆ ಇಳಿಸಿದರೆ ಸರಾಸರಿ 3.8 ಮಾತ್ರ.

ಹಣ ಕಟ್ಟುವ ಕೆಲಸದ ಕಥೆ ಬೇರೆ. ಅದು ಪೇಮೆಂಟ್ ಗೇಟ್‌ವೇಗೆ ಕರೆ ಮಾಡಿ ಉತ್ತರಕ್ಕೆ ಕಾಯುತ್ತದೆ. ಒಟ್ಟು 800 ಮಿಲಿಸೆಕೆಂಡ್, ಅದರಲ್ಲಿ ಬಹುಪಾಲು ಸುಮ್ನೆ ಕಾಯುವುದೇ. ಲ್ಯಾಂಬ್ಡಾಗೆ ಇದು ಗೊತ್ತಾಗುವುದಿಲ್ಲ. ಆಟೋ ಮೀಟರ್‌ನ ವೇಟಿಂಗ್ ಚಾರ್ಜ್ ಹಾಗೆ, ಗಾಡಿ ನಿಂತಿದ್ದರೂ ಓಡುತ್ತಿರುತ್ತದೆ. ಇಲ್ಲಿ ವೇಟಿಂಗ್‌ಗೂ ಓಟಕ್ಕೂ ಒಂದೇ ದರ ಅನ್ನುವುದಷ್ಟೇ ವ್ಯತ್ಯಾಸ. ಹತ್ತು ಲಕ್ಷಕ್ಕೆ 6.67, ಮೇಲಿನ 1.20 ಸೇರಿ 7.87 ಡಾಲರ್. ಈ ಕೆಲಸವೊಂದನ್ನೇ ಹಿಡಿದರೆ ತಿಂಗಳಿಗೆ 26 ಲಕ್ಷ ರಿಕ್ವೆಸ್ಟ್ ಬಂದಾಗಲೇ ಸರ್ವರ್ ಸರಿಸಮ ಆಗುತ್ತದೆ. ಅದೇ ಸರ್ವರ್‌ನಲ್ಲಿ ಕಾಯುವುದಕ್ಕೆ ಬೆಲೆಯೇ ಇಲ್ಲ. ನೋಡ್ ಒಂದು ಉತ್ತರಕ್ಕೆ ಕಾಯುತ್ತಲೇ ಇನ್ನಿಪ್ಪತ್ತು ಜನರಿಗೆ ಸ್ಲಾಟ್ ತೋರಿಸಿರುತ್ತದೆ. ನನ್ನ ಪ್ರಕಾರ ಈ ಹೋಲಿಕೆಯ ತಿರುಳು ಇದೇ: ಎಷ್ಟು ರಿಕ್ವೆಸ್ಟ್ ಅನ್ನುವುದಕ್ಕಿಂತ ಪ್ರತಿ ರಿಕ್ವೆಸ್ಟ್ ಎಷ್ಟು ಹೊತ್ತು ಕಾಯುತ್ತದೆ ಅನ್ನುವುದು ಬಿಲ್ಲನ್ನು ಜಾಸ್ತಿ ಎಳೆದಾಡುತ್ತದೆ.

ಬೇರೆ ಬೇರೆ ಸಂಖ್ಯೆ ಹಾಕಿ ನೋಡಲು ಇಷ್ಟು ಸಾಕು:

```python
def breakeven(server, mb, ms, gateway=1.00):
    per_million = 0.20 + gateway + (mb/1024) * (ms/1000) * 16.6667
    return server / per_million

breakeven(20.43, 512, 100)   # 10.05
breakeven(20.43, 512, 800)   # 2.60
```

ಉತ್ತರವನ್ನು ಹತ್ತು ಲಕ್ಷಗಳಲ್ಲಿ ಓದಿಕೊಳ್ಳಿ.

ನಿಜವಾದ ಆ್ಯಪ್‌ನಲ್ಲಿ ಎರಡೂ ಬೆರೆತಿರುತ್ತವೆ. ಹತ್ತರಲ್ಲಿ ಒಂಬತ್ತು ಜನ ಸ್ಲಾಟ್ ನೋಡಿ ಹೋಗುತ್ತಾರೆ, ಒಬ್ಬರು ಹಣ ಕಟ್ಟುತ್ತಾರೆ ಎಂದಿಟ್ಟುಕೊಳ್ಳಿ. ಆಗ ಹತ್ತು ಲಕ್ಷಕ್ಕೆ 2.62 ಡಾಲರ್. ಹತ್ತರಲ್ಲಿ ಒಂದೇ ಭಾಗ ಇರುವ ಪೇಮೆಂಟ್ ರಿಕ್ವೆಸ್ಟ್ ಬಿಲ್‌ನ ಶೇ. 30ರಷ್ಟನ್ನು ತಿನ್ನುತ್ತದೆ. ಸರಿಸಮ ಆಗುವ ಜಾಗ 78 ಲಕ್ಷ.

| ತಿಂಗಳ ರಿಕ್ವೆಸ್ಟ್ | ಲ್ಯಾಂಬ್ಡಾ (ಡಾಲರ್) | ಸರ್ವರ್ (ಡಾಲರ್) |
|---|---|---|
| 3 ಲಕ್ಷ | 0.79 | 20.43 |
| 30 ಲಕ್ಷ | 7.85 | 20.43 |
| 78 ಲಕ್ಷ | 20.41 | 20.43 |
| 3 ಕೋಟಿ | 78.50 | 20.43 |

ಇದರಲ್ಲಿ ಉಚಿತ ಮಿತಿಯನ್ನು ಸೇರಿಸಿಲ್ಲ. ಲ್ಯಾಂಬ್ಡಾ ಪ್ರತಿ ತಿಂಗಳು 10 ಲಕ್ಷ ರಿಕ್ವೆಸ್ಟ್ ಮತ್ತು 4 ಲಕ್ಷ ಜಿಬಿ-ಸೆಕೆಂಡ್ ಬಿಟ್ಟಿ ಕೊಡುತ್ತದೆ. ಅದರ ಬೆಲೆ 6.87 ಡಾಲರ್. ಸೇರಿಸಿದರೆ ಸರಿಸಮದ ಜಾಗ 78 ಲಕ್ಷದಿಂದ 1.04 ಕೋಟಿಗೆ ಹೋಗುತ್ತದೆ. ಆದರೆ ಇದು ಅಕೌಂಟ್‌ಗೆ ಸೇರಿದ್ದು, ಒಂದೊಂದು ಆ್ಯಪ್‌ಗೆ ಬೇರೆ ಬೇರೆ ಸಿಗುವುದಿಲ್ಲ. ಅದೇ ಅಕೌಂಟ್‌ನಲ್ಲಿ ಇನ್ನೆರಡು ಪ್ರಾಜೆಕ್ಟ್ ಇದ್ದರೆ ಎಲ್ಲರೂ ಹಂಚಿಕೊಳ್ಳಬೇಕು. ಹಾಗಾಗಿ ನಾನು ಲೆಕ್ಕದಿಂದ ಹೊರಗೇ ಇಡುತ್ತೇನೆ.

ಈಗ ಒಂದು ನ್ಯಾಯವಾದ ಅನುಮಾನ. 78 ಲಕ್ಷ ರಿಕ್ವೆಸ್ಟನ್ನು ಆ ಪುಟ್ಟ ಸರ್ವರ್ ತಡೆದುಕೊಳ್ಳುತ್ತದಾ? ದಿನಕ್ಕೆ ಸುಮಾರು 2.57 ಲಕ್ಷ. ಕೋರ್ಟ್ ಬುಕಿಂಗ್ ಅಂದ ಮೇಲೆ ಸಂಜೆಯ ನೂಕುನುಗ್ಗಲು ಇದ್ದೇ ಇರುತ್ತದೆ, ಅರ್ಧ ಜನ ಮೂರೇ ಗಂಟೆಯಲ್ಲಿ ಬರುತ್ತಾರೆ ಅನ್ನಿ. ಆಗ ಸೆಕೆಂಡಿಗೆ 12. ನನ್ನ ಕೋಡ್ ಒಂದು ರಿಕ್ವೆಸ್ಟ್‌ಗೆ ಸರ್ವರ್‌ನಲ್ಲಿ 15 ಮಿಲಿಸೆಕೆಂಡ್ ಸಿಪಿಯು ತಿನ್ನುತ್ತದೆ. ಗುಣಿಸಿದರೆ 0.18 ವಿಸಿಪಿಯು. `t3.small`ಗೆ ಎರಡು ವಿಸಿಪಿಯು ಇದ್ದರೂ ಸದಾ ಬಳಸಬಹುದಾದ್ದು ಒಂದೊಂದರಲ್ಲಿ ಶೇ. 20, ಒಟ್ಟು 0.4. ಅದನ್ನು ಮೀರಿದರೆ, ಕಡಿಮೆ ಬಳಸಿದ ಹೊತ್ತಲ್ಲಿ ಕೂಡಿಟ್ಟ ಸಿಪಿಯು ಕ್ರೆಡಿಟ್ ಕರಗುತ್ತದೆ. ಅದೂ ಮುಗಿದ ಮೇಲೆ ಹೆಚ್ಚುವರಿ ಚಾರ್ಜ್ ಬೀಳಬಹುದು, ಏಕೆಂದರೆ ಟಿ3ಯಲ್ಲಿ ಅನ್‌ಲಿಮಿಟೆಡ್ ಮೋಡ್ ತಾನಾಗೇ ಆನ್ ಇರುತ್ತದೆ. ಇದು ಗೊತ್ತಾಗಬೇಕಾದರೆ `CPUCreditBalance` ಗ್ರಾಫ್ ನೋಡಿ, ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಸರ್ವರ್ ಸಾಲುತ್ತಿಲ್ಲ. ನಮ್ಮ 0.18 ಆ ಗಡಿಯ ಅರ್ಧಕ್ಕೂ ಬರುವುದಿಲ್ಲ. ಸಂಜೆ ಹೊತ್ತಲ್ಲೂ ಅದಕ್ಕೆ ಬೆವರು ಬರಲ್ಲ.

ಆದರೆ ಸರ್ವರ್ ಕೆಟ್ಟು ನಿಂತರೆ ಎಲ್ಲರ ಬುಕಿಂಗೂ ನಿಂತಂತೆ. ಲ್ಯಾಂಬ್ಡಾ ಹಲವು ಡೇಟಾ ಸೆಂಟರ್‌ಗಳಲ್ಲಿ ತಾನಾಗೇ ಹರಡಿಕೊಂಡಿರುತ್ತದೆ. ಅದಕ್ಕೆ ಸಮನಾದದ್ದು ಬೇಕಿದ್ದರೆ ಎರಡು ಸರ್ವರ್ ಇಡಬೇಕು, ಮುಂದೆ ಲೋಡ್ ಬ್ಯಾಲೆನ್ಸರ್. ಸರ್ವರ್‌ಗಳಿಗೆ 40.86, ಬ್ಯಾಲೆನ್ಸರ್‌ಗೆ ಗಂಟೆಗೆ 0.0225ರಂತೆ 16.43, ಅದರ ಎರಡು ಐಪಿಗೆ 7.30. ಬಳಕೆಯ ಚಾರ್ಜ್ ಸ್ವಲ್ಪ ಸೇರಿ 65 ಡಾಲರ್ ದಾಟುತ್ತದೆ. ಸರಿಸಮದ ಜಾಗ ಒಮ್ಮೆಲೇ 2.5 ಕೋಟಿಗೆ ಜಿಗಿಯುತ್ತದೆ. ಲ್ಯಾಂಬ್ಡಾ ಖರ್ಚು ಒಂದೇ ಸಮ ಏರುವ ಗೆರೆ, ಸರ್ವರ್ ಖರ್ಚು ಮೆಟ್ಟಿಲು. ಹಾಗಾಗಿ 78 ಲಕ್ಷದಿಂದ 2.5 ಕೋಟಿಯ ನಡುವೆ ಇರುವವರು ತಮ್ಮನ್ನೇ ಕೇಳಿಕೊಳ್ಳಬೇಕು: ಅರ್ಧ ಗಂಟೆ ಬುಕಿಂಗ್ ನಿಂತರೆ ನಡೆಯುತ್ತಾ? ನಡೆಯುತ್ತೆ ಅಂದರೆ ಒಂದೇ ಸರ್ವರ್ ಅಗ್ಗ. ಇಲ್ಲ ಅಂದರೆ ಲ್ಯಾಂಬ್ಡಾ.

ಇಷ್ಟೆಲ್ಲ ಲೆಕ್ಕವನ್ನು ಒಂದೇ ಏಟಿಗೆ ಬುಡಮೇಲು ಮಾಡುವ ಸಾಲೊಂದು ಬಿಲ್‌ನಲ್ಲಿ ಇರಬಹುದು, ನ್ಯಾಟ್ ಗೇಟ್‌ವೇ. ಡೇಟಾಬೇಸ್ ಪ್ರೈವೇಟ್ ನೆಟ್‌ವರ್ಕ್ ಒಳಗಿದ್ದರೆ ಲ್ಯಾಂಬ್ಡಾವನ್ನೂ ಅದರೊಳಗೆ ಸೇರಿಸುತ್ತೀರಿ. ಸೇರಿಸಿದ ಕೂಡಲೇ ಅದಕ್ಕೆ ಹೊರಗಿನ ಇಂಟರ್ನೆಟ್ ಸಿಗುವುದಿಲ್ಲ, ಪೇಮೆಂಟ್ ಕರೆ ಟೈಮ್‌ಔಟ್ ಆಗುತ್ತದೆ. ಅದಕ್ಕೆ ಸಾಮಾನ್ಯವಾಗಿ ಹೇಳುವ ಮದ್ದು ನ್ಯಾಟ್ ಗೇಟ್‌ವೇ: ಗಂಟೆಗೆ 0.045, ತಿಂಗಳಿಗೆ 32.85 ಡಾಲರ್, ಡೇಟಾಗೆ ಬೇರೆ. ಇದೊಂದೇ ಸರ್ವರ್‌ನ 20.43ಕ್ಕಿಂತ ಜಾಸ್ತಿ. ಅಂದರೆ ಒಂದು ರಿಕ್ವೆಸ್ಟ್ ಕೂಡ ಬರದೆ ಲ್ಯಾಂಬ್ಡಾ ಸೋತಾಯಿತು, ಸರಿಸಮದ ಜಾಗ ಅಂತಲೇ ಇಲ್ಲ. ನಾನು ಪರೀಕ್ಷಿಸಿದ್ದು ಡೈನಮೋಡಿಬಿ ಜೊತೆ, ಅದಕ್ಕೆ ಪ್ರೈವೇಟ್ ನೆಟ್‌ವರ್ಕ್ ಬೇಕಿಲ್ಲ. ಪೋಸ್ಟ್‌ಗ್ರೆಸ್ ಬೇಕೇ ಬೇಕು ಅನ್ನುವವರು ಈ ಸಾಲನ್ನು ಮೊದಲು ನೋಡಿ, ಆಮೇಲೆ ಮಿಲಿಸೆಕೆಂಡ್ ಎಣಿಸಿ.

ಲಾಗ್ ಕೂಡ ಸಣ್ಣ ಕಳ್ಳ. ಕ್ಲೌಡ್‌ವಾಚ್‌ಗೆ ಒಂದು ಜಿಬಿ ಲಾಗ್ ಬರೆದರೆ 0.50 ಡಾಲರ್. ಪ್ರತಿ ರಿಕ್ವೆಸ್ಟ್‌ಗೆ 2 ಕೆಬಿ ಬರೆದರೆ, ಉಚಿತ ಮಿತಿ ದಾಟಿದ ಮೇಲೆ ಹತ್ತು ಲಕ್ಷಕ್ಕೆ ಒಂದು ಡಾಲರ್. ಸ್ಲಾಟ್ ತೋರಿಸುವ ಕೆಲಸ ಓಡುವ ಖರ್ಚೇ 0.83 ಇತ್ತು. ಪೂರ್ತಿ ಜೇಸನ್ ಅನ್ನು ಲಾಗ್‌ಗೆ ಸುರಿಯುವ ಚಾಳಿ ಇದ್ದವರಿಗೆ ಕೋಡ್‌ಗಿಂತ ಲಾಗೇ ದುಬಾರಿ.

ನಮ್ಮ ಆ್ಯಪ್‌ನ ಟ್ರಾಫಿಕ್ 3 ಲಕ್ಷದ ಆಸುಪಾಸಿನಲ್ಲಿದೆ, ಆದ್ದರಿಂದ ಅದು ಲ್ಯಾಂಬ್ಡಾದಲ್ಲೇ ಉಳಿದಿದೆ. ಉಚಿತ ಮಿತಿ ಹಿಡಿದರೆ ಎಪಿಐ ಗೇಟ್‌ವೇಯ 30 ಸೆಂಟ್ ಬಿಟ್ಟು ಬೇರೇನೂ ಹೆಚ್ಚು ಬೀಳುವುದಿಲ್ಲ. ನಾನು ಗಮನಿಸುವುದು ಒಟ್ಟು ರಿಕ್ವೆಸ್ಟ್‌ಗಿಂತ ಪೇಮೆಂಟ್‌ನ ಪಾಲನ್ನು. ಅದು ಹತ್ತರಲ್ಲಿ ಒಂದರಿಂದ ಎರಡಕ್ಕೆ ಏರಿದರೆ ಹತ್ತು ಲಕ್ಷದ ದರ 3.20 ಆಗುತ್ತದೆ, 78 ಲಕ್ಷ ಇದ್ದ ಗಡಿ 64 ಲಕ್ಷಕ್ಕೆ ಇಳಿಯುತ್ತದೆ.