ಸೀರೀಸ್ ಕೆಪಾಸಿಟರ್: ಡಿಸಿಯಲ್ಲಿ ಜಾರಿದ ಲೆಕ್ಕ, ಎಸಿಯಲ್ಲಿ ನಿಂತಿತು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಸಿಗೆ. ಬೇರೆ ಬೇರೆ ಬೆಲೆಯ ಎರಡು ಕೆಪಾಸಿಟರ್‌ಗಳನ್ನು ಸೀರೀಸ್‌ನಲ್ಲಿ ಹಾಕಿ ವೋಲ್ಟೇಜ್ ಹಂಚಬೇಕು ಅಂದರೆ, ಎಸಿಯಲ್ಲಿ ನಾನು ಎರಡು ಸಲ ಯೋಚಿಸುವುದಿಲ್ಲ. ಡಿಸಿಯಲ್ಲಿ ಒಂದು ಸಲ ಕೈ ಸುಟ್ಟುಕೊಂಡಿದ್ದೇನೆ.

ಒಂದು 320 ವೋಲ್ಟ್ ಡಿಸಿ ಸಪ್ಲೈಗೆ ಫಿಲ್ಟರ್ ಕೆಪಾಸಿಟರ್ ಬೇಕಿತ್ತು. ಅಷ್ಟು ತಡೆಯುವಂಥದ್ದು ಹತ್ತಿರ ಇರಲಿಲ್ಲ. ಡಬ್ಬಿಯಲ್ಲಿ ಇದ್ದದ್ದು ಹಳೆಯದೊಂದು 100 ಮೈಕ್ರೋಫ್ಯಾರಡ್, 250 ವೋಲ್ಟ್‌ನದು. ಜೊತೆಗೆ ಹೊಸದಾಗಿ ತಂದ 220 ಮೈಕ್ರೋಫ್ಯಾರಡ್, 160 ವೋಲ್ಟ್‌ನವು ಎರಡು. ಎಲ್ಲವೂ ಎಲೆಕ್ಟ್ರೋಲಿಟಿಕ್. ಹಳೆಯದನ್ನೂ ಹೊಸದೊಂದನ್ನೂ ಜೋಡಿ ಮಾಡಿ ಲೆಕ್ಕ ಹಾಕಿದೆ. ಸೀರೀಸ್‌ನಲ್ಲಿ ಎರಡರ ಚಾರ್ಜೂ ಒಂದೇ, ಹಾಗಾಗಿ ಚಿಕ್ಕದಕ್ಕೆ ವೋಲ್ಟೇಜ್ ಜಾಸ್ತಿ. 100ಕ್ಕೆ 220 ವೋಲ್ಟ್, 220ಕ್ಕೆ 100 ವೋಲ್ಟ್. ಎರಡೂ ಮಿತಿಯೊಳಗೇ ಇವೆ! ಹೇಳಿ ಮಾಡಿಸಿದ ಜೋಡಿ ಅಂದುಕೊಂಡೆ.

ಸ್ವಿಚ್ ಹಾಕಿ 220ರ ಮೇಲೆ ಮೀಟರ್ ಹಿಡಿದೆ. 100 ವೋಲ್ಟ್ ತೋರಿಸಿತು. ಖುಷಿಯಾಯಿತು. ಆದರೆ ಅಂಕಿ ನಿಲ್ಲಲಿಲ್ಲ. 110, 128, 145... ಒಂದು ನಿಮಿಷ ಆಗುವುದರೊಳಗೆ 160 ದಾಟಿತು. ಮೀಟರ್‌ನದೇ ತಪ್ಪು ಅಂತ ಅದರ ಬ್ಯಾಟರಿ ಬದಲಿಸಲು ಎದ್ದು ಹೋದೆ, ಸಪ್ಲೈ ಆರಿಸದೆ. ಹಿಂತಿರುಗುವ ಹೊತ್ತಿಗೆ ಟಪ್ ಅಂತ ಸದ್ದಾಯಿತು. ಕೆಪಾಸಿಟರ್‌ನ ತಲೆ ಉಬ್ಬಿ ಸೀಳಿತ್ತು, ಕೋಣೆಯೆಲ್ಲ ಕೆಟ್ಟ ವಾಸನೆ.

ಸೂತ್ರ ತಪ್ಪಿರಲಿಲ್ಲ. ಅದು ಸ್ವಿಚ್ ಹಾಕಿದ ಆ ಕ್ಷಣಕ್ಕೆ ಮಾತ್ರ ಸರಿ. ಚಾರ್ಜ್ ಆಗಿ ಮುಗಿದ ಮೇಲೆ ಡಿಸಿಯಲ್ಲಿ ಹರಿಯುವುದು ಸೋರಿಕೆಯ ಕರೆಂಟ್ ಒಂದೇ. ಕೊನೆಗೆ ಅದು ಎರಡರಲ್ಲೂ ಒಂದೇ ಆಗಿರಲೇಬೇಕು. ಅಂದರೆ ಅಲ್ಲಿ ಈಗ ಇರುವುದು ಸೀರೀಸ್‌ನಲ್ಲಿರುವ ಎರಡು ದೊಡ್ಡ ರೆಸಿಸ್ಟರ್‌ಗಳು. ಯಾವುದು ಕಡಿಮೆ ಸೋರುತ್ತದೋ ಅದರ ತಲೆಗೇ ಜಾಸ್ತಿ ವೋಲ್ಟೇಜ್. ಒಳ್ಳೆಯ ಕೆಪಾಸಿಟರ್‌ಗೇ ಶಿಕ್ಷೆ!

ಆಮೇಲೆ ಸೋರಿಕೆ ಅಳೆದೆ. ಒಂದೊಂದಕ್ಕೂ 10 ಕಿಲೋಓಮ್ ಸೀರೀಸ್‌ನಲ್ಲಿ ಹಾಕಿ, 60 ವೋಲ್ಟ್ ಕೊಟ್ಟು, ಆ ರೆಸಿಸ್ಟರ್ ಮೇಲಿನ ವೋಲ್ಟೇಜ್ ನೋಡಿದೆ. ಹಳೆಯ 100ರಲ್ಲಿ 1.5 ವೋಲ್ಟ್, ಅಂದರೆ 150 ಮೈಕ್ರೋಆಂಪ್, ಸುಮಾರು 400 ಕಿಲೋಓಮ್‌ಗೆ ಸಮ. ಉಳಿದಿದ್ದ ಇನ್ನೊಂದು ಹೊಸ 220ರಲ್ಲಿ ಅದರ ಕಾಲು ಭಾಗ, ಸುಮಾರು 1.6 ಮೆಗಾಓಮ್. ಈ ಲೆಕ್ಕದಲ್ಲಿ 220ಕ್ಕೆ 256 ವೋಲ್ಟ್, 100ಕ್ಕೆ ಬರೀ 64. ಹಂಚಿಕೆ ಪೂರ್ತಿ ತಿರುವು ಮುರುವು. ಸೋರಿಕೆಯೇನೂ ಸ್ಥಿರವಾದ ರೆಸಿಸ್ಟರ್ ಅಲ್ಲ, ವೋಲ್ಟೇಜ್ ಮಿತಿ ದಾಟಿದರೆ ಅದೂ ಏರುತ್ತದೆ. ಹಾಗಾಗಿ 256ರವರೆಗೆ ಹೋಗಿರಲಿಕ್ಕಿಲ್ಲ. ಅಷ್ಟರಲ್ಲೇ ಬಿಸಿಯಾಗಿ ಸೀಳಿತು.

ಸೋರಿಕೆಯೇ ಇಲ್ಲ ಅನ್ನುವಂಥ ಫಿಲ್ಮ್ ಕೆಪಾಸಿಟರ್ ಹಾಕಿದರೆ ಸರಿಹೋಗಬಹುದಲ್ವಾ ಅಂದುಕೊಂಡೆ. ನನ್ನನ್ನು ನಿಜವಾಗಿ ಗೋಳು ಹೊಯ್ದುಕೊಂಡದ್ದು ಇಲ್ಲಿ. ಈ ಸಲ ಬುದ್ಧಿ ಬಂದಿತ್ತು, 32 ವೋಲ್ಟ್ ಮಾತ್ರ ಕೊಟ್ಟೆ. 1 ಮೈಕ್ರೋಫ್ಯಾರಡ್ ಮತ್ತು 2.2 ಮೈಕ್ರೋಫ್ಯಾರಡ್. ಲೆಕ್ಕದ ಪ್ರಕಾರ 22 ಮತ್ತು 10 ವೋಲ್ಟ್. ಚಿಕ್ಕದರ ಮೇಲೆ ಮೀಟರ್ ಇಟ್ಟೆ. 22 ತೋರಿಸಿ ಇಳಿಯತೊಡಗಿತು. ಅರ್ಧ ನಿಮಿಷಕ್ಕೆ 8ರ ಆಸುಪಾಸು, ಎರಡೂವರೆ ನಿಮಿಷಕ್ಕೆ ಹೆಚ್ಚುಕಡಿಮೆ ಸೊನ್ನೆ. ಮೀಟರನ್ನು ದೊಡ್ಡದರ ಮೇಲಿಟ್ಟರೆ 32! ಅಲ್ಲಿಂದ ಅದೂ ಇಳಿಯಿತು. ಮತ್ತೆ ಚಿಕ್ಕದಕ್ಕೆ ಬಂದರೆ ಅಲ್ಲಿ ಈಗ 32.

ಕೆಪಾಸಿಟರ್ ಕೆಟ್ಟಿದೆ ಅಂತ ಮೂರು ಸಲ ಬದಲಿಸಿದೆ. ಸೋರುತ್ತಿದ್ದದ್ದು ಕೆಪಾಸಿಟರ್ ಅಲ್ಲ, ನನ್ನ ಮೀಟರ್. ಅದರ ಒಳಗೆ 10 ಮೆಗಾಓಮ್ ಇದೆ. ಫಿಲ್ಮ್ ಕೆಪಾಸಿಟರ್‌ನ ಸೋರಿಕೆಯ ಮುಂದೆ ಅದು ತೂತು ಬಿದ್ದ ಕೊಡದ ಹಾಗೆ. ಇಳಿಯುವ ವೇಗವೂ ಗುಟ್ಟು ಬಿಟ್ಟುಕೊಟ್ಟಿತು. ಸಪ್ಲೈ ಗಟ್ಟಿಯಾಗಿ ನಿಂತಿರುವಾಗ ಮೀಟರ್‌ಗೆ ಎರಡೂ ಕೆಪಾಸಿಟರ್ ಸೇರಿ 3.2 ಮೈಕ್ರೋಫ್ಯಾರಡ್ ಆಗಿ ಕಾಣುತ್ತವೆ. ಅದನ್ನು 10 ಮೆಗಾಓಮ್‌ನಿಂದ ಗುಣಿಸಿದರೆ 32 ಸೆಕೆಂಡ್. ನಾನು ನೋಡಿದ ಅರ್ಧ ನಿಮಿಷ ಇದೇ. ಮೀಟರ್ ಇಟ್ಟ ಕೂಡಲೆ ಬಂದ ಅಂಕಿಯನ್ನಷ್ಟೇ ನಂಬಬೇಕು, ಅದೂ ಮೊದಲನೇ ಸಲದ್ದು ಮಾತ್ರ.

ಇನ್ನೊಂದು ಸಂಗತಿ. ಮೀಟರ್ ಚಿಕ್ಕದನ್ನು ಸೊನ್ನೆಗೆ ಇಳಿಸಿದ ಮೇಲೆ ಸಪ್ಲೈ ಬಿಚ್ಚಿ, ಜೋಡಿಯ ಎರಡು ತುದಿ ಶಾರ್ಟ್ ಮಾಡಿದೆ. ತುದಿಗಳ ನಡುವೆ ಸೊನ್ನೆ. ಆದರೆ ಒಂದೊಂದರ ಮೇಲೂ 22 ವೋಲ್ಟ್ ಹಾಗೇ ಕೂತಿತ್ತು, ಒಂದಕ್ಕೊಂದು ಎದುರುಬದುರಾಗಿ. 320 ವೋಲ್ಟ್‌ನ ಜೋಡಿಯಲ್ಲಿ ಇದೇ ಆದರೆ ನಡುವಿನ ತಂತಿ ಮುಟ್ಟಿದವರ ಗತಿ ಏನು? ಒಂದೊಂದನ್ನೂ ಬೇರೆ ಬೇರೆಯಾಗಿಯೇ ಖಾಲಿ ಮಾಡಬೇಕು.

ಈಗ ಎಸಿ. ಅವೇ ಎರಡು ಫಿಲ್ಮ್ ಕೆಪಾಸಿಟರ್, ಟ್ರಾನ್ಸ್‌ಫಾರ್ಮರ್‌ನಿಂದ 16 ವೋಲ್ಟ್, 50 ಹರ್ಟ್ಸ್. ಚಿಕ್ಕದಕ್ಕೆ 11, ದೊಡ್ಡದಕ್ಕೆ 5. ಊಟ ಮಾಡಿ ಬಂದು ನೋಡಿದೆ, ಅಷ್ಟೇ ಇತ್ತು. ಇಲ್ಲಿ ಚಾರ್ಜ್ ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುತ್ತಾ ಓಡಾಡುತ್ತಿರುತ್ತದೆ. 1 ಮೈಕ್ರೋಫ್ಯಾರಡ್‌ನ ರಿಯಾಕ್ಟೆನ್ಸ್ ಸುಮಾರು 3.2 ಕಿಲೋಓಮ್ ಅಷ್ಟೇ, ಅದರ ಮುಂದೆ ಮೀಟರ್‌ನ ಮೆಗಾಓಮ್‌ಗಳು ಲೆಕ್ಕಕ್ಕೇ ಇಲ್ಲ. ಫ್ರೀಕ್ವೆನ್ಸಿ ಬದಲಿಸಿದರೂ ಎರಡರ ರಿಯಾಕ್ಟೆನ್ಸ್ ಒಂದೇ ಪ್ರಮಾಣದಲ್ಲಿ ಬದಲಾಗುವುದರಿಂದ ಹಂಚಿಕೆ ಕದಲುವುದಿಲ್ಲ.

ಎಸಿಗೂ ಒಂದು ಕೊರತೆ ಇದೆ, ಲೋಡ್ ತಡೆಯುವುದಿಲ್ಲ. 5 ವೋಲ್ಟ್‌ನ ಕಡೆ 1 ಕಿಲೋಓಮ್ ಹಾಕಿದರೆ 3.5ಕ್ಕೆ ಬೀಳುತ್ತದೆ. ಆಗ ಎರಡರ ರೀಡಿಂಗ್ ಕೂಡಿಸಿದರೆ 17 ಮೀರುತ್ತದೆ, ಕೊಟ್ಟದ್ದು 16! ಫೇಸ್ ಬೇರೆಯಾದದ್ದಕ್ಕೆ ಹಾಗೆ, ಮೀಟರ್ ಮೇಲೆ ಸಿಟ್ಟಾಗಬೇಡಿ.

ಡಿಸಿಯಲ್ಲಿ ಹಾಕಲೇಬೇಕು ಅಂದರೆ ಪ್ರತಿ ಕೆಪಾಸಿಟರ್‌ಗೂ ಅಡ್ಡಲಾಗಿ ರೆಸಿಸ್ಟರ್ ಬೇಕು. ಅದರ ಕರೆಂಟ್ ಸೋರಿಕೆಗಿಂತ ಹಲವು ಪಟ್ಟು ಇರಲಿ. ನನ್ನ ಆ ಜೋಡಿಗೆ 100ರ ಮೇಲೆ 100 ಕಿಲೋಓಮ್, 220ರ ಮೇಲೆ 47 ಕಿಲೋಓಮ್ ಹಾಕಿದ್ದರೆ ಸಾಕಿತ್ತು. ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳ ಗುಣಲಬ್ಧ ಎರಡೂ ಕಡೆ ಹತ್ತಿರ ಹತ್ತಿರ ಇರುವುದರಿಂದ ಮೊದಲ ಕ್ಷಣದ ಹಂಚಿಕೆಯೂ ಕೊನೆಯ ಹಂಚಿಕೆಯೂ ಜಾಸ್ತಿ ದೂರ ಹೋಗುವುದಿಲ್ಲ. ಸೋರಿಕೆ ಸೇರಿಸಿದರೂ 220ಕ್ಕೆ ಸುಮಾರು 116 ವೋಲ್ಟ್ ಬರುತ್ತಿತ್ತು. ಎರಡೂ ರೆಸಿಸ್ಟರ್ ಅರ್ಧ ವ್ಯಾಟ್‌ನೊಳಗೇ ಸುಡುತ್ತವೆ, 1 ವ್ಯಾಟ್‌ನವು ಸಾಕು. ಸ್ವಿಚ್ ಆರಿಸಿದ ಮೇಲೆ ಎರಡನ್ನೂ ಅವೇ ಖಾಲಿಯೂ ಮಾಡುತ್ತವೆ.

ಆದರೂ ನಾನು ಮತ್ತೆ ಆ ಜೋಡಿ ಕಟ್ಟಲಿಲ್ಲ. ನನ್ನದು ಅಳೆಯುವುದನ್ನು ಮರೆಯುವ ಜಾತಿ, ಎಷ್ಟು ಸೋರುತ್ತದೆ ಅಂತ ಗೊತ್ತಿಲ್ಲದ ಹಳೆಯ ಮಾಲನ್ನು ನಂಬಿ ಕೂರಲು ಧೈರ್ಯವಿಲ್ಲ. 400 ವೋಲ್ಟ್‌ನ ಒಂದೇ ಕೆಪಾಸಿಟರ್ ತಂದು ಹಾಕಿದೆ. ಉಳಿದ 220 ಇನ್ನೂ ಡಬ್ಬಿಯಲ್ಲೇ ಇದೆ. ಆ ಫಿಲ್ಮ್ ಜೋಡಿ ಎಸಿ ಅಳೆಯುವ ಕೆಲಸದಲ್ಲಿ ದಿನಾ ನನ್ನ ಮೇಜಿನ ಮೇಲಿರುತ್ತದೆ.