ಹಾಕಿ ಬೆಟಿಂಗ್ ಆಪ್: ಪಕ್ ಲೈನ್ ಸಲೀಸು, ಟೋಟಲ್ ಹಾಕುವ ಮುಂಚೆ ಹೆಸರು ಓದಿ (5ಕ್ಕೆ 3.5)

ಟೊರೊಂಟೊದಲ್ಲಿದ್ದೇನೆ. ಒಂಟಾರಿಯೊದಲ್ಲಿ 2022ರ ಏಪ್ರಿಲ್‌ನಲ್ಲಿ ಖಾಸಗಿ ಆಪ್‌ಗಳಿಗೆ ದಾರಿ ತೆರೆದ ಮೇಲೆ ಎನ್‌ಎಚ್‌ಎಲ್ ಐಸ್ ಹಾಕಿ ಪಂದ್ಯಗಳಿಗೆ ಇದನ್ನೇ ಬಳಸುತ್ತಿದ್ದೇನೆ. ದುಡ್ಡು ಬೇಗ ಬರುತ್ತದೆ, ಅದರ ಬಗ್ಗೆ ತಕರಾರಿಲ್ಲ.

ಪಕ್ ಲೈನ್ ಅಂದರೆ ಗೆಲುವಿನ ಅಂತರದ ಮೇಲಿನ ಬೆಟ್, ಸಾಮಾನ್ಯವಾಗಿ 1.5 ಗೋಲು. -1.5 ತೆಗೆದುಕೊಂಡರೆ ನಿಮ್ಮ ತಂಡ ಕನಿಷ್ಠ ಎರಡು ಗೋಲಿನ ಅಂತರದಿಂದ ಗೆಲ್ಲಬೇಕು. 60 ನಿಮಿಷಕ್ಕೆ ಸ್ಕೋರ್ ಸಮವಾಗಿ ಓವರ್‌ಟೈಮ್‌ಗೆ ಹೋದರೆ ಆ ಬೆಟ್ ಅಲ್ಲಿಗೇ ಮುಗೀತು, ಯಾಕಂದ್ರೆ ಅಲ್ಲಿ ಮೊದಲ ಗೋಲಿಗೇ ಆಟ ನಿಲ್ಲುತ್ತದೆ, ಶೂಟೌಟ್‌ನಲ್ಲಿ ಎಷ್ಟು ಹೊಡೆದರೂ ಗೆದ್ದವರಿಗೆ ಸೇರುವುದು ಒಂದೇ ಗೋಲು. ಸುಮ್ನೆ ಗೆದ್ದರೆ ಸಾಕು ಅನ್ನುವ ಬೆಟ್‌ಗೆ 1.60 ರೇಟ್ ಇರುವಾಗ -1.5ಕ್ಕೆ 2.50ರ ಹತ್ತಿರ ಸಿಗುವುದು ಇದಕ್ಕೇ. ಒಂದು ಗೋಲಿನ ಗೆಲುವುಗಳೆಲ್ಲ ಅಲ್ಲಿ ಸೋಲು.

ಈಗ ಕೊನೆಯ ಎರಡು ನಿಮಿಷ ನೋಡಿ. ಸ್ಕೋರ್ 3-2. ಹಿಂದಿರುವ ತಂಡ ಗೋಲ್‌ಕೀಪರ್‌ನನ್ನು ಬೆಂಚಿಗೆ ಕರೆದು ಆರನೇ ಆಟಗಾರನನ್ನು ಇಳಿಸುತ್ತದೆ. ಖಾಲಿ ನೆಟ್‌ಗೆ ಪಕ್ ಹೋದರೆ 4-2: -1.5 ಗೆದ್ದಿತು, ಎರಡೂ ತಂಡಗಳ ಗೋಲು ಸೇರಿ ಟೋಟಲ್ 6, ಅಂದರೆ 5.5ಕ್ಕಿಂತ ಹೆಚ್ಚು ಅನ್ನುವ ಓವರ್ ಕೂಡ ಬಂತು. ಅದೇ ಹಿಂದಿರುವವರು ಸಮ ಮಾಡಿದರೆ 3-3: -1.5 ಸತ್ತಿತು, ಆದರೆ 5.5ರ ಓವರ್ ಆಗಲೂ ಗೆದ್ದಿತು. ಒಂದೇ ಆಟ, ಆ ಒಂದು ಗೋಲು ಯಾರ ಕಡೆ ಬಿತ್ತು ಅನ್ನುವುದರ ಮೇಲೆ ಪಕ್ ಲೈನ್ ಟಿಕೆಟ್ ತಿರುಗುತ್ತದೆ, ಟೋಟಲ್‌ಗೆ ಯಾರು ಹೊಡೆದರೂ ಒಂದೇ. ಆಟದ ನಡುವೆ ಆಪ್ ಕೊಡುವ ರೇಟ್ ಈ ಖಾಲಿ ನೆಟ್ ಅನ್ನು ಮೊದಲೇ ಲೆಕ್ಕ ಹಾಕಿರುತ್ತದೆ, ಹಾಗಾಗಿ ಗೋಲ್‌ಕೀಪರ್ ಹೊರಟ ಮೇಲೆ ಅಗ್ಗದ ರೇಟ್ ಹುಡುಕಿದರೆ ಸಿಗುವುದಿಲ್ಲ. ಆ ಹೊತ್ತಿಗೆ ಬೆಟ್ ಬಟನ್ ಕೂಡ ಆಗಾಗ ಲಾಕ್ ಆಗುತ್ತದೆ.

ನನಗೆ ಸಿಟ್ಟು ಬರುವುದು 6.5ರ ವಿಷಯದಲ್ಲಿ. 60 ನಿಮಿಷಕ್ಕೆ 3-3 ಅಂತಿಟ್ಟುಕೊಳ್ಳಿ. ಮುಂದೆ ಯಾರು ಗೆದ್ದರೂ 4-3 ಆಗಲೇಬೇಕು, ಒಟ್ಟು 7. ಪೂರ್ತಿ ಆಟದ ಟೋಟಲ್‌ನಲ್ಲಿ ಓವರ್ ಗೆಲ್ಲುತ್ತದೆ. 60 ನಿಮಿಷದ ಟೋಟಲ್‌ನಲ್ಲಿ 6.5ಕ್ಕಿಂತ ಕಡಿಮೆ ಅನ್ನುವ ಅಂಡರ್ ಗೆಲ್ಲುತ್ತದೆ. ಆಪ್‌ನಲ್ಲಿ ಇವೆರಡೂ ಅಕ್ಕಪಕ್ಕದಲ್ಲಿವೆ, ವ್ಯತ್ಯಾಸ ಸಣ್ಣ ಅಕ್ಷರದಲ್ಲಿದೆ, ಟಿಕೆಟ್‌ನಲ್ಲಂತೂ ಅದೂ ಇಲ್ಲ. -1.5ಕ್ಕೆ ಯಾವುದನ್ನು ಆರಿಸಿದರೂ ಫಲಿತಾಂಶ ಒಂದೇ, ಆದ್ದರಿಂದ ಅಲ್ಲಿ ಯಾರೂ ಗಮನಿಸುವುದಿಲ್ಲ. ಟೋಟಲ್‌ನಲ್ಲಿ ಅದೇ ಅಭ್ಯಾಸ ಕೈ ಕೊಡುತ್ತದೆ.

ಇನ್ನೊಂದು. ಓವರ್‌ಟೈಮ್‌ಗೆ ಹೋದ ಪಂದ್ಯದ ಒಟ್ಟು ಗೋಲು ಯಾವಾಗಲೂ ಬೆಸ ಸಂಖ್ಯೆ, ಸಮ ಸ್ಕೋರಿಗೆ ಒಂದು ಸೇರುತ್ತದೆ ಅಲ್ವಾ. ಹಾಗಾಗಿ ಪೂರ್ತಿ ಆಟಕ್ಕೆ ಸರಿಯಾಗಿ 6ರ ಲೈನ್ ಹಾಕಿದವರಿಗೆ ದುಡ್ಡು ವಾಪಸ್ ಬರುವುದು 4-2, 5-1, 6-0 ಅಂತ 60 ನಿಮಿಷದಲ್ಲೇ ಮುಗಿದರೆ ಮಾತ್ರ. ಪ್ಲೇಆಫ್‌ನಲ್ಲಿ ಶೂಟೌಟ್ ಇಲ್ಲ, 20 ನಿಮಿಷದ ಓವರ್‌ಟೈಮ್‌ಗಳು ಗೋಲು ಬೀಳುವ ತನಕ ನಡೆಯುತ್ತವೆ, ಆದರೂ ಈ ಲೆಕ್ಕ ಬದಲಾಗುವುದಿಲ್ಲ.

ಟಿಕೆಟ್ ಮೇಲೆ "60 ನಿಮಿಷ" ಅಂತ ದಪ್ಪಗೆ ಬರೆದರೆ ಇನ್ನೊಂದು ಸ್ಟಾರ್ ಕೊಡುತ್ತೇನೆ.